ಮಿನಿಮಮ್ ಮಾತ್ರ ಕಟ್ಟಿದರೆ ಕಾರ್ಡ್ ಸಾಲಕ್ಕೆ ಎಷ್ಟು ಬಡ್ಡಿ? ನೀವೇ ಲೆಕ್ಕ ಹಾಕಿ

ಮೇ 5ಕ್ಕೆ ಕ್ರೆಡಿಟ್ ಕಾರ್ಡ್ ಉಜ್ಜಿ 50,000 ರೂಪಾಯಿಯ ಟಿವಿ ತಂದಿರಿ ಎಂದುಕೊಳ್ಳಿ. ಮೇ 20ಕ್ಕೆ ಬಿಲ್ ಬಂತು. ಜೂನ್ 9 ಕೊನೆಯ ದಿನ. ಅಂದು ಮಿನಿಮಮ್ ಮೊತ್ತ, ಅಂದರೆ ಬಿಲ್ಲಿನ ಶೇ 5ರಷ್ಟು, 2,500 ರೂಪಾಯಿ ಕಟ್ಟಿದಿರಿ. ಲೇಟ್ ಫೀ ಬೀಳುವುದಿಲ್ಲ. ಬಡ್ಡಿ ಮಾತ್ರ ಬೀಳುತ್ತದೆ.

ಮೊದಲು ಬಿಲ್ಲಿನಲ್ಲಿ ತಿಂಗಳ ಬಡ್ಡಿ ದರ ಹುಡುಕಿ. ಇಲ್ಲಿ ಶೇ 3.5 ಎಂದಿಟ್ಟುಕೊಳ್ಳೋಣ. ಕೇಳಲು ಸಣ್ಣದು, ಆದರೆ 12ರಿಂದ ಗುಣಿಸಿದರೆ ವರ್ಷಕ್ಕೆ ಶೇ 42. ಈಗ ಈ ಸೂತ್ರ ಹಾಕಿ:

ಬಾಕಿ × ದಿನಗಳು × 0.42 ÷ 365

ಹೆಚ್ಚಿನವರು ಎಡವುವುದು ದಿನ ಎಣಿಸುವಲ್ಲಿ. ಪೂರ್ತಿ ಹಣ ಕಟ್ಟದಿದ್ದರೆ ಬಡ್ಡಿ ಶುರುವಾಗುವುದು ಜೂನ್ 9ರಿಂದಲ್ಲ, ಟಿವಿ ಕೊಂಡ ದಿನದಿಂದಲೇ! ಮೇ 5ರಿಂದ ಜೂನ್ 9ರವರೆಗೆ 35 ದಿನ, 50,000ಕ್ಕೆ 2,014 ರೂಪಾಯಿ. ಅಲ್ಲಿಂದ ಮುಂದಿನ ಬಿಲ್ಲಿನ ದಿನ ಜೂನ್ 20ರವರೆಗೆ 11 ದಿನ, ಉಳಿದ 47,500ಕ್ಕೆ 601 ರೂಪಾಯಿ. ಒಟ್ಟು 2,615. ಈ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ ಬೇರೆ, 471 ರೂಪಾಯಿ. ಎಲ್ಲ ಸೇರಿ 3,086.

ಜೂನ್ 20ರ ಬಿಲ್ ನೋಡಿ: 50,586. 2,500 ಕಟ್ಟಿದ ಮೇಲೂ ಸಾಲ ಜಾಸ್ತಿಯಾಗಿದೆ!

ಮುಂದಿನ ತಿಂಗಳುಗಳಿಗೆ ಇಷ್ಟು ಸೂಕ್ಷ್ಮ ಬೇಡ, ಅಂದಾಜು ಸಾಕು. ಶೇ 3.5ಕ್ಕೆ ಜಿಎಸ್‌ಟಿ ಸೇರಿಸಿದರೆ ತಿಂಗಳಿಗೆ ಶೇ 4.13. ಶೇ 5 ಕಟ್ಟುತ್ತೀರಿ, ಹತ್ತಿರಹತ್ತಿರ ಅಷ್ಟೇ ಬಡ್ಡಿ ಮತ್ತೆ ಬಂದು ಕೂರುತ್ತದೆ. ಹಾಗಾಗಿ ಬಾಕಿಯನ್ನು ಪ್ರತಿ ತಿಂಗಳು 0.95 × 1.0413ರಿಂದ ಗುಣಿಸುತ್ತಾ ಹೋಗಿ. ಎಕ್ಸೆಲ್‌ನಲ್ಲಾದರೆ ಒಂದೇ ಸಾಲು:

```
=50586*(0.95*1.0413)^12
```

ಉತ್ತರ ಸುಮಾರು 44,400. ಈ 12 ತಿಂಗಳಲ್ಲಿ ನೀವು ಕಟ್ಟಿದ್ದು ಸುಮಾರು 28,600. ಸಾಲ ಇಳಿದದ್ದು ಆರು ಸಾವಿರ ಚಿಲ್ಲರೆ, ಉಳಿದದ್ದೆಲ್ಲ ಬಡ್ಡಿಗೂ ತೆರಿಗೆಗೂ ಹೋಯಿತು. ಹೀಗೇ ನಡೆದರೆ ಸಾಲ ಅರ್ಧಕ್ಕೆ ಇಳಿಯಲು ಐದು ವರ್ಷಕ್ಕೂ ಜಾಸ್ತಿ ಬೇಕು.

ಅದೇ 50,586ಕ್ಕೆ ತಿಂಗಳಿಗೆ 5,000 ರೂಪಾಯಿ ಬಿಡದೆ ಕಟ್ಟಿದರೆ 13ನೇ ಕಂತಿಗೆ ಸಾಲ ಚುಕ್ತಾ. ಮಿನಿಮಮ್ ಮೊತ್ತ ಬಾಕಿಯ ಜೊತೆ ತಾನೂ ಇಳಿಯುತ್ತದೆ, ಅದಕ್ಕೇ ಅದು ಎಳೆಯುತ್ತಾ ಹೋಗುವುದು. ಎರಡನೇ ಬಿಲ್ಲಿನಲ್ಲೇ ಒಂದು ಮೊತ್ತ ಗಟ್ಟಿ ಮಾಡಿಕೊಳ್ಳುವುದು ವಾಸಿ.

ಕೆಲವು ಬ್ಯಾಂಕುಗಳು ಬಡ್ಡಿ, ಜಿಎಸ್‌ಟಿಯನ್ನು ಪೂರ್ತಿಯಾಗಿ ಮಿನಿಮಮ್‌ಗೇ ಸೇರಿಸುತ್ತವೆ. ಆಗ ಕಟ್ಟಬೇಕಾದ್ದು ಜಾಸ್ತಿ, ಸಾಲವೂ ಬೇಗ ಇಳಿಯುತ್ತದೆ. ನಿಮ್ಮ ಬ್ಯಾಂಕಿನ ಲೆಕ್ಕ ಬಿಲ್ಲಿನ ಹಿಂದಿನ ಸಣ್ಣ ಅಕ್ಷರಗಳಲ್ಲಿರುತ್ತದೆ.

ಇನ್ನೊಂದು ವಿಷಯ. ಬಾಕಿ ಉಳಿದಿರುವಾಗ ಅದೇ ಕಾರ್ಡಿನಲ್ಲಿ ದಿನಸಿ ಕೊಂಡರೂ ಅದಕ್ಕೆ ಬಡ್ಡಿಯಿಲ್ಲದ ದಿನಗಳು ಸಿಗುವುದಿಲ್ಲ, ಕೊಂಡ ದಿನದಿಂದಲೇ ಮೀಟರ್ ಓಡುತ್ತದೆ. ಚುಕ್ತಾ ಆಗುವವರೆಗೆ ಆ ಕಾರ್ಡ್ ಬಿಟ್ಟು ಡೆಬಿಟ್ ಕಾರ್ಡೋ ಯುಪಿಐಯೋ ಬಳಸಿ.