ಆಮ್ಲಜನಕವಿಲ್ಲದೆ ಗ್ಲೈಕಾಲಿಸಿಸ್ ನಡೆಯುವುದು ಹೇಗೆ? ನಾಲ್ಕು ಚೀಟಿ ಇಟ್ಟು ಲೆಕ್ಕ ಹಾಕಿ

ಹುದುಗುವಿಕೆಯ ಪಾಠ ಓದಿದವರನ್ನು ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ಯೀಸ್ಟ್ ಆಲ್ಕೋಹಾಲನ್ನು ಯಾಕೆ ಮಾಡುತ್ತದೆ? ‘ಶಕ್ತಿಗಾಗಿ’ ಎಂದು ಹತ್ತರಲ್ಲಿ ಒಂಬತ್ತು ಜನ ಹೇಳುತ್ತಾರೆ. ಅದು ತಪ್ಪು. ಎಟಿಪಿ ಎಂದರೆ ಜೀವಕೋಶ ಖರ್ಚು ಮಾಡುವ ಶಕ್ತಿಯ ನಾಣ್ಯ. ಆಲ್ಕೋಹಾಲ್ ಆಗುವ ಹಂತದಲ್ಲಿ ಒಂದು ಎಟಿಪಿಯೂ ಹುಟ್ಟುವುದಿಲ್ಲ. ಈ ತಪ್ಪು ಹೋಗಬೇಕಾದರೆ ಲೆಕ್ಕವನ್ನು ಕೈಯಾರೆ ಮಾಡಿ ನೋಡಬೇಕು.

ಮೊದಲು ಒಂದು ಹಾಳೆ, ಪೆನ್ಸಿಲ್, ನಾಲ್ಕು ಚಿಕ್ಕ ಚೀಟಿ ತೆಗೆದುಕೊಳ್ಳಿ. ಚೀಟಿಯ ಒಂದು ಬದಿ ‘ಎನ್‌ಎಡಿ’, ಇನ್ನೊಂದು ಬದಿ ‘ಎನ್‌ಎಡಿಎಚ್’ ಎಂದು ಬರೆಯಿರಿ. ಎನ್‌ಎಡಿ ಎಂದರೆ ಖಾಲಿ ಗಾಡಿ. ಎನ್‌ಎಡಿಎಚ್ ಎಂದರೆ ಎಲೆಕ್ಟ್ರಾನ್ ಹೇರಿಕೊಂಡ ಅದೇ ಗಾಡಿ. ಗ್ಲೈಕಾಲಿಸಿಸ್ ಎಂದರೆ ಜೀವಕೋಶ ಗ್ಲೂಕೋಸನ್ನು ಒಡೆದು ಪೈರುವೇಟ್ ಎಂಬ ಚಿಕ್ಕ ಅಣುಗಳನ್ನಾಗಿ ಮಾಡುವ ಕೆಲಸ. ಅದರ ಹತ್ತು ಹಂತಗಳ ಹೆಸರನ್ನು ಬಾಯಿಪಾಠ ಮಾಡಬೇಡಿ, ಈ ಲೆಕ್ಕಕ್ಕೆ ಅದು ಬೇಕಾಗಿಲ್ಲ. ಹತ್ತರಲ್ಲಿ ಒಂದು ಹಂತವೂ ಆಮ್ಲಜನಕವನ್ನು ಮುಟ್ಟುವುದಿಲ್ಲ ಎನ್ನುವುದು ಮಾತ್ರ ನೆನಪಿರಲಿ.

ಈಗ ಒಂದು ಗ್ಲೂಕೋಸ್ ಇಡಿ. ಜೀವಕೋಶ ಮೊದಲು ಅದರ ಮೇಲೆ 2 ಎಟಿಪಿ ಖರ್ಚು ಮಾಡಿ ಎರಡು ತುಂಡು ಮಾಡುತ್ತದೆ.

ಜನ ಎಡವುವುದು ಮುಂದಿನ ಹಂತದಲ್ಲಿ, ಅಂದರೆ ಆರನೆಯದರಲ್ಲಿ. ಇಲ್ಲಿ ನಿಧಾನವಾಗಿ ಹೋಗಿ. ಪ್ರತಿ ತುಂಡೂ ತನ್ನ ಎಲೆಕ್ಟ್ರಾನ್‌ಗಳನ್ನು ಒಂದು ಎನ್‌ಎಡಿಗೆ ಕೊಡಲೇಬೇಕು. ಕೊಟ್ಟರೆ ಮಾತ್ರ ಮುಂದಿನ ಹಂತಕ್ಕೆ ದಾರಿ. ಹಾಗಾಗಿ ಎರಡು ಚೀಟಿ ತಿರುಗಿಸಿ. ಆ ಮೇಲೆ ತುಂಡುಗಳು ಪೈರುವೇಟ್ ಆಗುವಷ್ಟರಲ್ಲಿ 4 ಎಟಿಪಿ ಸಿಗುತ್ತದೆ. ಖರ್ಚು ಕಳೆದರೆ ಉಳಿದದ್ದು 2. ಎರಡನೇ ಗ್ಲೂಕೋಸ್ ಇಡಿ, ಉಳಿದ ಎರಡು ಚೀಟಿಯೂ ತಿರುಗಿದವು. ಒಟ್ಟು ಗಳಿಕೆ 4.

ಮೂರನೆಯದನ್ನು ಇಡಿ. 2 ಎಟಿಪಿ ಖರ್ಚಾಯಿತು, ತುಂಡೂ ಆಯಿತು. ಆದರೆ ಖಾಲಿ ಚೀಟಿ ಒಂದೂ ಇಲ್ಲ! ಕೆಲಸ ಅಲ್ಲೇ ನಿಂತಿತು, ಗಳಿಕೆ 4ರಿಂದ 2ಕ್ಕೆ ಇಳಿಯಿತು. ಸಕ್ಕರೆ ಬೇಕಾದಷ್ಟು ಇದೆ, ಆದರೂ ಜೀವಕೋಶ ಸೋಲುತ್ತಿದೆ. ಎನ್‌ಎಡಿ ಕೋಶದಲ್ಲಿ ಇರುವುದೇ ಸ್ವಲ್ಪ. ಅದನ್ನೇ ಮತ್ತೆ ಮತ್ತೆ ಬಳಸಬೇಕು. ಈ ಜಾಗದಲ್ಲಿ ಒಂದು ನಿಮಿಷ ಸುಮ್ನೆ ಹಾಳೆ ನೋಡುತ್ತಾ ಕುಳಿತುಕೊಳ್ಳಿ. ಇಡೀ ವಿಷಯ ಇರುವುದೇ ಇಲ್ಲಿ.

ಆಮ್ಲಜನಕ ಇದ್ದಾಗ ಮೈಟೊಕಾಂಡ್ರಿಯಾ ಈ ಗಾಡಿಗಳನ್ನು ಖಾಲಿ ಮಾಡಿಕೊಡುತ್ತದೆ. ಇಲ್ಲದಿದ್ದಾಗ ಎಲೆಕ್ಟ್ರಾನ್ ಇಳಿಸಲು ಬೇರೆ ಜಾಗ ಬೇಕು. ಆ ಜಾಗ ಪೈರುವೇಟ್‌ನಿಂದಲೇ ಬರುತ್ತದೆ.

ಯೀಸ್ಟ್‌ನಲ್ಲಿ ಪೈರುವೇಟ್ ಮೊದಲು ಇಂಗಾಲದ ಡೈಆಕ್ಸೈಡನ್ನು ಬಿಟ್ಟು ಅಸಿಟಾಲ್ಡಿಹೈಡ್ ಆಗುತ್ತದೆ. ಅದು ಎಲೆಕ್ಟ್ರಾನ್ ತೆಗೆದುಕೊಂಡರೆ ಎಥನಾಲ್. ಸ್ನಾಯುವಿನಲ್ಲಿ ಪೈರುವೇಟ್ ತಾನೇ ಎಲೆಕ್ಟ್ರಾನ್ ತೆಗೆದುಕೊಂಡು ಲ್ಯಾಕ್ಟೇಟ್ ಆಗುತ್ತದೆ, ಅನಿಲ ಬರುವುದಿಲ್ಲ. ಎರಡರಲ್ಲೂ ಚೀಟಿ ಮತ್ತೆ ‘ಎನ್‌ಎಡಿ’ ಬದಿಗೆ ತಿರುಗುತ್ತದೆ. ಈಗ ನಾಲ್ಕನ್ನೂ ತಿರುಗಿಸಿ, ನಿಂತಿದ್ದ ಮೂರನೇ ಗ್ಲೂಕೋಸನ್ನು ಮುಗಿಸಿ. ಗಳಿಕೆ 6.

ಗೋಡೆಗೆ ಹಾಕುವ ಸಿದ್ಧ ಚಾರ್ಟ್‌ಗಳನ್ನು ನಂಬಬೇಡಿ. ನಾನು ನೋಡಿದ ಒಂದರಲ್ಲಿ ಎಥನಾಲ್‌ನ ಪಕ್ಕದಲ್ಲೇ ‘2 ಎಟಿಪಿ’ ಎಂದು ಅಚ್ಚಾಗಿತ್ತು. ಎನ್‌ಎಡಿ ಆರನೇ ಹಂತಕ್ಕೆ ಹಿಂತಿರುಗುವ ಬಾಣವೇ ಇರಲಿಲ್ಲ. ‘ಗ್ಲೂಕೋಸ್ ಕೊಟ್ಟರೆ ಎಥನಾಲ್’ ಎಂಬ ಒಂದು ಸಾಲಿನ ಸಮೀಕರಣವೂ ಅಷ್ಟೇ. ಅದರಲ್ಲಿ ಎನ್‌ಎಡಿ ಎರಡು ಕಡೆಯೂ ಹೊಡೆದುಹೋಗುವುದರಿಂದ ಕಣ್ಣಿಗೇ ಬೀಳುವುದಿಲ್ಲ.

ಸ್ನಾಯುವಿನ ವಿಷಯದಲ್ಲಿ ಇನ್ನೊಂದು ಮಾತು. ಜೋರಾಗಿ ಓಡುವಾಗ ಸ್ನಾಯುವಿನಲ್ಲಿ ಆಮ್ಲಜನಕ ಪೂರ್ತಿ ಮುಗಿದಿರಬೇಕು ಅಂತೇನಿಲ್ಲ. ಗಾಡಿಗಳು ತುಂಬುವ ವೇಗ ಮೈಟೊಕಾಂಡ್ರಿಯಾ ಖಾಲಿ ಮಾಡುವ ವೇಗಕ್ಕಿಂತ ಜಾಸ್ತಿಯಾದರೆ ಸಾಕು. ಲ್ಯಾಕ್ಟೇಟ್ ರಕ್ತಕ್ಕೆ ಸೇರಿ ಬಹುಪಾಲು ಒಂದೆರಡು ಗಂಟೆಯಲ್ಲಿ ಬಳಕೆಯಾಗಿಬಿಡುತ್ತದೆ. ಮಾರನೇ ದಿನದ ಮೈಕೈ ನೋವಿಗೆ ಅದನ್ನು ದೂರುವುದು ಸರಿಯಲ್ಲ. ಒಂದಿಷ್ಟು ಲ್ಯಾಕ್ಟೇಟ್ ಯಕೃತ್ತಿನಲ್ಲಿ ಮತ್ತೆ ಗ್ಲೂಕೋಸ್ ಆಗುತ್ತದೆ. ಒಂದು ಗ್ಲೂಕೋಸ್ ಕಟ್ಟಲು ಅಲ್ಲಿ 6 ಎಟಿಪಿಗೆ ಸಮನಾದ ಖರ್ಚಿದೆ. ಸ್ನಾಯು ಗಳಿಸಿದ್ದು 2 ಮಾತ್ರ ಅಲ್ವಾ?

ಕೊನೆಯದಾಗಿ, ಚೀಟಿಗಳನ್ನೇ ಹಾಳೆಯಿಂದ ತೆಗೆದು ಲೆಕ್ಕ ಮಾಡಿ ನೋಡಿ. ಆರ್ಥರ್ ಹಾರ್ಡನ್ ಮತ್ತು ವಿಲಿಯಂ ಯಂಗ್ 1906ರಲ್ಲಿ ಹೆಚ್ಚುಕಡಿಮೆ ಇದನ್ನೇ ನಿಜವಾದ ಯೀಸ್ಟ್ ರಸದಲ್ಲಿ ಮಾಡಿದ್ದರು. ರಸವನ್ನು ಬಹಳ ನಯವಾದ ಸೋಸುಕದಲ್ಲಿ ಸೋಸಿದರು. ಮೇಲೆ ಉಳಿದ ದೊಡ್ಡ ಅಣುಗಳೂ ಹುದುಗು ಬರಿಸಲಿಲ್ಲ, ಕೆಳಗೆ ಇಳಿದ ನೀರೂ ಬರಿಸಲಿಲ್ಲ. ಎರಡನ್ನೂ ಬೆರೆಸಿದಾಗ ಮತ್ತೆ ಗುಳ್ಳೆ ಎದ್ದಿತು. ಇಳಿದ ಆ ನೀರಿನಲ್ಲಿದ್ದ, ಕುದಿಸಿದರೂ ಕೆಡದ ಸಣ್ಣ ಅಣುಗಳಲ್ಲಿ ಒಂದು ಎನ್‌ಎಡಿ.