ಸಿಜಿಎಸ್‌ಟಿಯನ್ನು ನಲವತ್ತರಿಂದ ಗುಣಿಸಿ ನೋಡಿ

ಮೈಸೂರಿನಲ್ಲಿ ಆಡಿಟರ್ ಒಬ್ಬರ ಆಫೀಸಿನಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಹಲವು ಸಣ್ಣ ಹೋಟೆಲುಗಳ ಜಿಎಸ್‌ಟಿ ರಿಟರ್ನ್ ನನ್ನ ಕೈಯಿಂದಲೇ ಹೋಗುತ್ತದೆ. ಅದರಿಂದಾಗಿ ಊಟದ ಬಿಲ್ಲು ಕೈಗೆ ಬಂದರೆ ಕಣ್ಣು ಮೊದಲು ಹೋಗುವುದು ಒಟ್ಟು ಮೊತ್ತಕ್ಕಲ್ಲ, ಸಿಜಿಎಸ್‌ಟಿ ಸಾಲಿಗೆ. ಆ ಒಂದು ಸಾಲನ್ನು ಸರಿಯಾಗಿ ಓದಿದರೆ ಉಳಿದದ್ದೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಅಕ್ಕನ ಮಗಳ ಹುಟ್ಟುಹಬ್ಬಕ್ಕೆ ಬೆಂಗಳೂರಿನಲ್ಲಿ ಒಂದು ರೆಸ್ಟೋರೆಂಟಿಗೆ ಹೋಗಿದ್ದೆವು, ಐದು ಜನ. ಬಿಲ್ಲಿನ ಫೋಲ್ಡರ್ ಭಾವನ ಕೈಗೆ ಬಂತು. ಅವರು ಕಾರ್ಡ್ ಇಡುವ ಮೊದಲು ನಾನು ಇಸಕೊಂಡು ನೋಡಿದೆ. ಊಟದ ಐಟಂಗಳೆಲ್ಲ ಸೇರಿ 3,240 ರೂಪಾಯಿ. ಅದರ ಕೆಳಗೆ 'ಎಸ್.ಸಿ.' ಅಂತ ಎರಡೇ ಅಕ್ಷರ, ಪಕ್ಕದಲ್ಲಿ 324. ಆಮೇಲೆ ಸಿಜಿಎಸ್‌ಟಿ 89.10, ಎಸ್‌ಜಿಎಸ್‌ಟಿ 89.10. ಒಟ್ಟು 3,742.

ಸಾಮಾನ್ಯ ರೆಸ್ಟೋರೆಂಟಿನಲ್ಲಿ ಜಿಎಸ್‌ಟಿ ಶೇಕಡಾ 5. ಅದನ್ನೇ ಕೇಂದ್ರಕ್ಕೆ ಎರಡೂವರೆ, ರಾಜ್ಯಕ್ಕೆ ಎರಡೂವರೆ ಎಂದು ಒಡೆದು ಎರಡು ಸಾಲಿನಲ್ಲಿ ತೋರಿಸುತ್ತಾರೆ. ಎರಡೂವರೆ ಪರ್ಸೆಂಟ್ ಅಂದರೆ ನಲವತ್ತನೇ ಒಂದು ಭಾಗ. ಹಾಗಾಗಿ ಸಿಜಿಎಸ್‌ಟಿಯನ್ನು ನಲವತ್ತರಿಂದ ಗುಣಿಸಿದರೆ ಯಾವ ಮೊತ್ತದ ಮೇಲೆ ತೆರಿಗೆ ಹಾಕಿದ್ದಾರೆ ಅನ್ನುವುದು ಗೊತ್ತಾಗುತ್ತದೆ. 89.10 ಅನ್ನು 40ರಿಂದ ಗುಣಿಸಿದರೆ 3,564. ನಾವು ತಿಂದದ್ದು 3,240ರದ್ದು. ನಡುವೆ ಸೇರಿಕೊಂಡ 324 ಆ 'ಎಸ್.ಸಿ.', ಅಂದರೆ ಸರ್ವಿಸ್ ಚಾರ್ಜ್.

ಈ ಎರಡಕ್ಷರವನ್ನು ಎಷ್ಟೋ ಜನ ಸರ್ಕಾರದ ತೆರಿಗೆ ಅಂದುಕೊಂಡೇ ಕಟ್ಟುತ್ತಾರೆ. ನಮ್ಮ ಭಾವ, ಬ್ಯಾಂಕಿನಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದವರು, ಅವರೂ ಹಾಗೇ ಅಂದುಕೊಂಡಿದ್ದರು. ಈ ದುಡ್ಡಿನಲ್ಲಿ ಸರ್ಕಾರಕ್ಕೆ ಹೋಗುವುದೇನೂ ಇಲ್ಲ. ಅದು ಹೋಟೆಲಿನವರು ತಮ್ಮ ಲೆಕ್ಕಕ್ಕೆ ಹಾಕಿಕೊಳ್ಳುವ ಮೊತ್ತ. ಅದರ ಮೇಲೆ ಬಿದ್ದ 16 ರೂಪಾಯಿ 20 ಪೈಸೆ ಮಾತ್ರ ತೆರಿಗೆ.

ಮ್ಯಾನೇಜರನ್ನು ಕರೆಸಿದೆ. "ಸರ್, ಈ ಎಸ್.ಸಿ. ತೆಗೆದು ಬೇರೆ ಬಿಲ್ ಕೊಡಿ" ಅಂದೆ.

"ಮೇಡಂ, ಮೆನುವಿನ ಕೊನೇ ಪುಟದಲ್ಲೇ ಹಾಕಿದ್ದೀವಿ. ಸಿಸ್ಟಮ್ಮಲ್ಲಿ ಆಟೋಮ್ಯಾಟಿಕ್ ಬರತ್ತೆ."

"ಆಟೋಮ್ಯಾಟಿಕ್ಕಾಗಿ ಹಾಕಬಾರದು ಅಂತಲೇ ಗೈಡ್‌ಲೈನ್ ಇರೋದು ಸರ್."

ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಹೊರಡಿಸಿದ ಮಾರ್ಗಸೂಚಿ ನನಗೆ ಬಾಯಿಪಾಠವೇ ಆಗಿದೆ. ಸರ್ವಿಸ್ ಚಾರ್ಜನ್ನು ಬಿಲ್ಲಿಗೆ ತಾನಾಗಿ ಸೇರಿಸುವಂತಿಲ್ಲ, ಬೇರೆ ಹೆಸರು ಕೊಟ್ಟು ವಸೂಲಿ ಮಾಡುವಂತಿಲ್ಲ, ಕೊಡದವರನ್ನು ಒಳಗೆ ಬಿಡುವುದಿಲ್ಲ ಅನ್ನುವಂತಿಲ್ಲ, ಊಟದ ಮೊತ್ತಕ್ಕೆ ಕೂಡಿಸಿ ಅದರ ಮೇಲೆ ಜಿಎಸ್‌ಟಿ ಹಾಕುವಂತಿಲ್ಲ. ರೆಸ್ಟೋರೆಂಟ್ ಸಂಘಗಳು ಇದರ ವಿರುದ್ಧ ದೆಹಲಿ ಹೈಕೋರ್ಟಿಗೆ ಹೋಗಿ ಆಗಲೇ ತಡೆಯಾಜ್ಞೆ ತಂದಿದ್ದವು. 2025ರ ಮಾರ್ಚ್ 28ರಂದು ಕೋರ್ಟು ಆ ಅರ್ಜಿಗಳನ್ನು ವಜಾ ಮಾಡಿ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಆ ತೀರ್ಪಿನ ಮೇಲೆ ಮೇಲ್ಮನವಿಯೂ ಹೋಗಿದೆ.

ಇದನ್ನೆಲ್ಲ ಆ ಮ್ಯಾನೇಜರಿಗೆ ಒಪ್ಪಿಸುತ್ತ ಕೂರಲಿಲ್ಲ. "ಕೊಡಲೇಬೇಕು ಅಂತ ಕಾನೂನಿದ್ರೆ ತೋರಿಸಿ, ಕೊಡ್ತೀನಿ" ಅಂದೆ ಅಷ್ಟೇ. ಒಳಗೆ ಹೋಗಿ ಬಂದವರು 324 ರೂಪಾಯಿ ಕ್ಯಾಶ್ ತಂದು ಮೇಜಿನ ಮೇಲಿಟ್ಟರು: "ತಗೊಳ್ಳಿ ಮೇಡಂ, ಬಿಲ್ ಹಾಗೇ ಇರಲಿ."

ಇಲ್ಲಿ ತುಂಬ ಜನ ಒಪ್ಪಿಬಿಡುತ್ತಾರೆ. ನಾನು ಒಪ್ಪಲಿಲ್ಲ. ಬಿಲ್ ಹಾಗೇ ಇದ್ದರೆ ಸರ್ವಿಸ್ ಚಾರ್ಜಿನ ಮೇಲಿನ ತೆರಿಗೆಯೂ ನಾವೇ ಕಟ್ಟಿದಂತೆ. ಅದಕ್ಕಿಂತ ಮುಖ್ಯ, ನಾವು 3,742 ಕೊಟ್ಟೆವು ಅನ್ನುವುದಕ್ಕೆ ಕಾಗದ ಉಳಿಯುತ್ತದೆ, ವಾಪಸ್ ಬಂದದ್ದಕ್ಕೆ ಏನೂ ಉಳಿಯುವುದಿಲ್ಲ. ಹಳೇ ಬಿಲ್ ಕ್ಯಾನ್ಸಲ್ ಮಾಡಿ ಹೊಸದನ್ನೇ ಕೇಳಬೇಕು. ಹತ್ತು ನಿಮಿಷದಲ್ಲಿ ಬಂತು: ಊಟ 3,240, ಸಿಜಿಎಸ್‌ಟಿ 81, ಎಸ್‌ಜಿಎಸ್‌ಟಿ 81, ಒಟ್ಟು 3,402. ಎಂಬತ್ತೊಂದು ನಲವತ್ತಲೆ 3,240. ತಾಳೆಯಾಯಿತು. ನಮಗೆ ಬಡಿಸಿದ ಹುಡುಗನ ಕೈಗೆ ಇನ್ನೂರು ರೂಪಾಯಿ ನಾನೇ ಕೊಟ್ಟೆ. ಅವನ ಪ್ರೀತಿಯ ಉಪಚಾರಕ್ಕೆ ಅದು ಸಲ್ಲಬೇಕಾದದ್ದೇ.

ತೆಗೆಯುವುದಿಲ್ಲ ಅಂತ ಹಟ ಹಿಡಿದರೆ? ನನಗೆ ಒಂದು ಸಲ ಹಾಗೂ ಆಗಿದೆ. ಜೊತೆಯಲ್ಲಿ ಮಕ್ಕಳಿದ್ದರು, ರಾತ್ರಿಯಾಗಿತ್ತು. ದುಡ್ಡು ಕೊಟ್ಟು, ಬಿಲ್ಲಿನ ಫೋಟೊ ತೆಗೆದು, ಪಾವತಿಯ ಮೆಸೇಜ್ ಇಟ್ಟುಕೊಂಡು ಮರುದಿನ 1915ಕ್ಕೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಫೋನ್ ಮಾಡಿ ದೂರು ಬರೆಸಿದೆ. ಬಿಸಿಲಿಗೆ ಬಿಲ್ಲಿನ ಅಕ್ಷರ ಬೇಗ ಮಾಸುತ್ತದೆ, ಫೋಟೊ ತೆಗೆಯುವುದನ್ನು ಮರೆಯಬಾರದು.

ಸಿಕ್ಕಿದ್ದಕ್ಕೆಲ್ಲ ತಕರಾರು ಮಾಡಬಾರದು ಅನ್ನುವುದನ್ನೂ ಹೇಳಬೇಕು. ದೊಡ್ಡ ಹೋಟೆಲಿನ ಒಳಗಿನ ರೆಸ್ಟೋರೆಂಟಿನಲ್ಲಿ 9 ಮತ್ತು 9, ಅಂದರೆ ಶೇಕಡಾ 18 ಕಂಡರೆ ಅದು ಮೋಸವಲ್ಲ. ರೂಮಿನ ದಿನದ ಬಾಡಿಗೆ 7,500 ರೂಪಾಯಿ ದಾಟುವ ಹೋಟೆಲುಗಳಲ್ಲಿ ಊಟಕ್ಕೂ ಅದೇ ದರ. ಅಲ್ಲಿ ನಲವತ್ತರ ಲೆಕ್ಕ ನಡೆಯುವುದಿಲ್ಲ, ಸಿಜಿಎಸ್‌ಟಿಯನ್ನು ಒಂಬತ್ತರಿಂದ ಭಾಗಿಸಿ ನೂರರಿಂದ ಗುಣಿಸಬೇಕು. ಕೂತು ಕುಡಿಯುವ ನೀರಿನ ಬಾಟಲಿಗೆ ಎಂಆರ್‌ಪಿಗಿಂತ ಹೆಚ್ಚು ಹಾಕಿದರೂ ವಾದ ಮಾಡಿ ಫಲವಿಲ್ಲ. ಹೋಟೆಲಿನವರು ಹಾಗೆ ಹಾಕಬಹುದು ಎಂದು 2017ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ನನಗೆ ಹೆಚ್ಚು ಬೇಸರ ತರುವುದು ಇನ್ನೊಂದು ಬಗೆಯ ಬಿಲ್ಲು, ಸರ್ವಿಸ್ ಚಾರ್ಜೇ ಇಲ್ಲದ್ದು. ಹೆದ್ದಾರಿ ಪಕ್ಕದ ಒಂದು ಊಟದ ಹೋಟೆಲಿನಲ್ಲಿ 620 ರೂಪಾಯಿ ಊಟಕ್ಕೆ ಹದಿನೈದೂವರೆ, ಹದಿನೈದೂವರೆ ಹಾಕಿ 651 ಮಾಡಿದ್ದರು. ನಲವತ್ತರ ಲೆಕ್ಕಕ್ಕೆ ಸರಿಯಾಗಿಯೇ ಇತ್ತು. ಆದರೂ ಜಾಗ ಸಣ್ಣದು, ನಮ್ಮ ಕಕ್ಷಿದಾರರ ಹೋಟೆಲುಗಳ ಹಾಗೇ ಇದೆಯಲ್ಲ ಅನ್ನಿಸಿ services.gst.gov.in ತೆರೆದೆ. ಬಿಲ್ಲಿನ ಮೇಲಿದ್ದ ಹದಿನೈದು ಅಕ್ಷರದ ಜಿಎಸ್‌ಟಿ ನಂಬರನ್ನು ಹಾಕಿದೆ. ಕರ್ನಾಟಕದ್ದಾದರೆ ಅದು 29ರಿಂದ ಶುರುವಾಗಬೇಕು. Taxpayer Type ಎಂಬಲ್ಲಿ Composition ಎಂದು ಬಂತು.

ಕಾಂಪೊಸಿಷನ್ ಸ್ಕೀಮಿಗೆ ಸೇರಿದ ಹೋಟೆಲು ತನ್ನ ವಹಿವಾಟಿನ ಮೇಲೆ ಶೇಕಡಾ 5 ತೆರಿಗೆಯನ್ನು ಸ್ವಂತ ಜೇಬಿನಿಂದ ಕಟ್ಟಬೇಕು. ಗ್ರಾಹಕರಿಂದ ತೆರಿಗೆ ಎಂದು ಒಂದು ಪೈಸೆಯನ್ನೂ ಕೇಳುವಂತಿಲ್ಲ, ಹಾಗಂತ ಬಿಲ್ಲಿನ ಮೇಲೇ ಬರೆದಿರಬೇಕು. ವಾರ್ಷಿಕ ವಹಿವಾಟು ಒಂದೂವರೆ ಕೋಟಿಯ ಒಳಗಿರುವವರಿಗೆ ಈ ಅನುಕೂಲ ಸಿಗುವುದೇ ಆ ಷರತ್ತಿನ ಮೇಲೆ.

ಗಲ್ಲಾದಲ್ಲಿದ್ದ ಯಜಮಾನರಿಗೆ ಫೋನ್ ತೋರಿಸಿ, "ಯಜಮಾನ್ರೇ, ನೀವು ಕಾಂಪೊಸಿಷನ್‌ನಲ್ಲಿದ್ದೀರಿ, ಇದನ್ನ ನಮ್ಮ ಹತ್ರ ತಗೊಳ್ಳೋ ಹಾಗಿಲ್ಲ" ಅಂದೆ. ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ. ಬಿಲ್ಲಿಂಗ್ ಮೆಷಿನ್ ಮಾರಿದವನು ಅದರಲ್ಲಿ ಮೊದಲೇ ತೆರಿಗೆ ಸೆಟ್ ಮಾಡಿ ಕೊಟ್ಟುಹೋಗಿದ್ದ, ಇವರು ಮುಟ್ಟಿರಲಿಲ್ಲ. ನನ್ನ 31 ರೂಪಾಯಿ ವಾಪಸ್ ಕೊಟ್ಟು, ಮಗನನ್ನು ಕರೆದು ಮೆಷಿನ್ನಿನ ಮುಂದೆ ಕೂರಿಸಿದರು. ಎರಡು ತಿಂಗಳ ಮೇಲೆ ಅದೇ ದಾರಿಯಲ್ಲಿ ಹೋಗುವಾಗ ಅಲ್ಲೇ ಊಟಕ್ಕೆ ನಿಂತೆವು. ಬಿಲ್ಲಿನಲ್ಲಿ ತೆರಿಗೆಯ ಎರಡೂ ಸಾಲು ಇರಲಿಲ್ಲ, ಅನ್ನ ಸಾರಿನ ರೇಟು ಮಾತ್ರ ಐದು ರೂಪಾಯಿ ಏರಿತ್ತು. ಅದು ಅವರ ಹಕ್ಕು. ಕೇಳಿದಷ್ಟು ಕೊಟ್ಟು ಬಂದೆ.