ಕಡಲೆಕಾಯಿ ಪರಿಷೆ ವಿಡಿಯೋ ಹಾಕೋಕೆ ಮುಂಚೆ ನಾನು ಏನೇನು ನೋಡ್ತೀನಿ

ಬಸವನಗುಡಿ ಪರಿಷೆ ಅಂದ್ರೆ ಕಾರ್ತಿಕ ಮಾಸದ ಕೊನೇ ಸೋಮವಾರ. ಈ ಸೋಮವಾರ ಅನ್ನೋದೇ ವಿಡಿಯೋ ಮಾಡೋರಿಗೆ ದೊಡ್ಡ ವಿಷ್ಯ, ಯಾಕಂದ್ರೆ ಬಂದಿರೋ ಜನದಲ್ಲಿ ಎಷ್ಟೋ ಮಂದಿ ಆಫೀಸಿಗೋ ಕಾಲೇಜಿಗೋ ಏನೋ ಒಂದು ಹೇಳಿ ಬಂದಿರ್ತಾರೆ. ಒಬ್ಬ ಹುಡುಗ ನನ್ನ ಕ್ಯಾಮೆರಾ ನೋಡಿ ಓಡಿ ಬಂದು "ಗುರೂ, ನಾನೇನಾದ್ರೂ ಬಿದ್ದಿದ್ರೆ ತೆಗ್ದಾಕು, ಮ್ಯಾನೇಜರ್‌ಗೆ ಜ್ವರ ಅಂತ ಮೆಸೇಜ್ ಹಾಕಿದೀನಿ" ಅಂದ. ನಗು ಬಂತು, ಆದ್ರೆ ಇವನೇನೋ ಬಂದು ಕೇಳ್ದ, ಮನೇಲಿ ಹೇಳ್ದೆ ಜೊತೇಲಿ ಸುತ್ತೋಕೆ ಬಂದಿರೋ ಜೋಡಿ ಬಂದು ಕೇಳಲ್ಲ, ಸುಮ್ನೆ ಮುಖ ತಿರುಗಿಸ್ತಾರೆ ಅಷ್ಟೆ. ಎಡಿಟ್ ಮಾಡುವಾಗ ಹಂಗೆ ಮುಖ ತಿರುಗಿಸಿದೋರು ಕಂಡ್ರೆ ನಾನು ಆ ತುಂಡನ್ನೇ ಎತ್ತಿಬಿಡ್ತೀನಿ, ಅದೇ ಅವರ ಉತ್ತರ ಅಂತ ತಗೋತೀನಿ.

ಜಾತ್ರೆ ಜನ ತೋರಿಸ್ಬೇಕು ಅಂದ್ರೆ ಎತ್ತರದಿಂದಾನೋ ಹಿಂದಿನಿಂದಾನೋ ತೆಗೀತೀನಿ, ತಲೆಗಳು ಕಾಣತ್ತೆ, ಯಾರು ಅಂತ ಗೊತ್ತಾಗಲ್ಲ. ಹತ್ತಿರದ ಶಾಟ್ ಬೇಕಂದ್ರೆ ಮಾತ್ರ ಕೇಳಲೇಬೇಕು. ಮೊದಲೇ ಕೇಳಿದ್ರೆ ಎಲ್ಲರೂ ಸೆರಗು ಸರಿ ಮಾಡ್ಕೊಂಡು ಫೋಟೋಗೆ ನಿಂತಂಗೆ ನಿಂತ್ಬಿಡ್ತಾರೆ, ಅದಕ್ಕೆ ನಾನು ಮೊದ್ಲು ಕೈ, ಸೇರು, ಕಾಯಿ ರಾಶಿ ಇಷ್ಟು ತೆಗ್ದು ಫೋನ್ ಅವರ ಕೈಗೆ ಕೊಟ್ಟು ತೋರಿಸಿ ಆಮೇಲೆ ಮುಖ ತೆಗೀಲಾ ಅಂತ ಕೇಳ್ತೀನಿ. ಕೇಳುವಾಗ ಎಲ್ಲಿ ಹಾಕ್ತೀನಿ ಅಂತಾನೂ ಹೇಳ್ಬೇಕು. ಬರೀ "ವಿಡಿಯೋ ತೆಗೀಲಾ" ಅಂದ್ರೆ ನನ್ನ ಫೋನಲ್ಲಿ ಇಟ್ಕೋತೀನಿ ಅನ್ಕೊಂಡೇ ಹೂಂ ಅನ್ನೋರು ಜಾಸ್ತಿ. ಕಾಯಿ ಮಾರ್ತಿದ್ದ ಒಬ್ರು ಅಕ್ಕ ಹಂಗೇ ಹೂಂ ಅಂದಿದ್ರು, ಇನ್‌ಸ್ಟಾಗ್ರಾಮಲ್ಲಿ ಹಾಕ್ತೀನಿ, ಯಾರ್ ಬೇಕಾದ್ರೂ ನೋಡ್ಬಹುದು ಅಂದ ತಕ್ಷಣ "ನನ್ನ ಹಾಕ್ಕೊಳಪ್ಪ, ಮಗಳು ಬೇಡ, ಗಂಡಿನ ಕಡೆಯೋರು ಬಂದು ನೋಡ್ಕೊಂಡು ಹೋಗವ್ರೆ" ಅಂದ್ರು.

ಈಗ ಆ ಅಕ್ಕನ ವಿಡಿಯೋನೇ ತಗೊಳಿ. ಮನೆಗೆ ಬಂದು ಮೊದ್ಲು ಸೌಂಡ್ ಆಫ್ ಮಾಡಿ ನೋಡ್ದೆ, ಅಂಚಿಂದ ಅಂಚಿಗೆ, ಅವರನ್ನ ಬಿಟ್ಟು ಹಿಂದೆ ಏನಿದೆ ಅಂತ. ಮಗಳು ಎಡಗಡೆ ಅಂಚಲ್ಲಿ ಬಂದು ಹೋಗ್ತಾಳೆ, ಹಿಂದೆ ಯೂನಿಫಾರ್ಮ್ ಹಾಕಿರೋ ಒಂದು ಮಗು, ಎದೆ ಮೇಲೆ ಸ್ಕೂಲ್ ಹೆಸರಿರೋ ಐಡಿ ಕಾರ್ಡ್, ಮುಂದೆ ಯುಪಿಐ ಕ್ಯೂಆರ್ ಸ್ಟ್ಯಾಂಡ್. ಮಗಳನ್ನೂ ಮಗೂನೂ ಕ್ರಾಪ್ ಮಾಡಿದೆ. ಕ್ಯೂಆರ್‌ದು ಮಾತ್ರ ಹುಷಾರಾಗಿರ್ಬೇಕು. ತುಂಬಾ ಜನ ಮಧ್ಯಕ್ಕೆ ಒಂದು ಇಮೋಜಿ ಅಂಟಿಸಿ ಆಯ್ತು ಅಂತಾರೆ, ಆದ್ರೆ ಸ್ವಲ್ಪ ಭಾಗ ಹರಿದು ಹೋದ್ರೂ ಓದೋ ಹಂಗೇ ಕ್ಯೂಆರ್ ಮಾಡಿರ್ತಾರೆ, ಗಟ್ಟಿ ಲೆವೆಲ್‌ದು ಆದ್ರೆ ಶೇ. 30ರಷ್ಟು ಹಾಳಾದ್ರೂ ಸ್ಕ್ಯಾನ್ ಆಗತ್ತೆ. ಸ್ಕ್ಯಾನ್ ಆದ್ರೆ ಹೆಸರು ಬರತ್ತೆ, ಯುಪಿಐ ಐಡೀಲಿ ಎಷ್ಟೋ ಸಲ ಮೊಬೈಲ್ ನಂಬರೇ ಇರತ್ತೆ. ಅದಕ್ಕೆ ಪೂರ್ತಿ ಮುಚ್ಚೋ ಬಣ್ಣದ ಪಟ್ಟಿ ಹಾಕಿ, ಕ್ಯಾಮೆರಾ ಅಲ್ಲಾಡಿದಂಗೆ ಪಟ್ಟಿನೂ ಸರಿಸ್ಕೊಂಡು ಹೋದೆ. ತೆಳು ಬ್ಲರ್ ನಂಬಲ್ಲ ನಾನು. ಮುಗಿದ ಮೇಲೆ ವಿಡಿಯೋನ ನಿಲ್ಲಿಸಿ ನಿಲ್ಲಿಸಿ ಬೇರೆ ಫೋನಲ್ಲಿ ಸ್ಕ್ಯಾನ್ ಮಾಡಿ ನೋಡಿದೆ, ಎಲ್ಲೂ ಹಿಡೀಲಿಲ್ಲ.

ಆಮೇಲೆ ಸ್ಕ್ರೀನ್ ನೋಡ್ದೆ ಬರೀ ಆಡಿಯೋ ಕೇಳೋದು, ಇದನ್ನ ಯಾರೂ ಮಾಡಲ್ಲ. ಪಕ್ಕದಲ್ಲಿ ಯಾರೋ ಫೋನಲ್ಲಿ ಮನೆ ಅಡ್ರೆಸ್ ಕ್ರಾಸ್ ಸಮೇತ ಹೇಳ್ತಾ ಇದ್ರು, ಸ್ಪಷ್ಟವಾಗಿ. ಅಷ್ಟು ಜಾಗ ಮ್ಯೂಟ್ ಮಾಡಿ, ಬೇರೆ ಕಡೆ ರೆಕಾರ್ಡ್ ಆಗಿದ್ದ ಜಾತ್ರೆ ಗಲಾಟೆ ತುಂಬಿಸಿದೆ.

"ಪಬ್ಲಿಕ್ ಜಾಗ ಅಲ್ವಾ, ನಿಂದೇನು" ಅನ್ನೋರಿಗೆ ಒಂದು ಹೇಳ್ತೀನಿ. 2017ರ ಆಗಸ್ಟ್ 24ಕ್ಕೆ ಸುಪ್ರೀಂ ಕೋರ್ಟ್ ಖಾಸಗಿತನ ಮೂಲಭೂತ ಹಕ್ಕು ಅಂತು, ಕೇಸ್ ಹಾಕಿದ್ದು ನಮ್ಮ ಹೈಕೋರ್ಟಿನ ನಿವೃತ್ತ ಜಡ್ಜ್ ಕೆ.ಎಸ್. ಪುಟ್ಟಸ್ವಾಮಿ ಅವರು. ಸಾರ್ವಜನಿಕ ಜಾಗಕ್ಕೆ ಬಂದ ಮಾತ್ರಕ್ಕೆ ಮನುಷ್ಯನ ಖಾಸಗಿತನ ಹೋಗಲ್ಲ ಅಂತಾನೂ ಆ ತೀರ್ಪಲ್ಲಿದೆ. ಹಂಗಂತ ರಸ್ತೇಲಿ ಕ್ಯಾಮೆರಾ ತೆಗೆದ್ರೇ ಅಪರಾಧ ಅಂತೇನಿಲ್ಲ, ಆದ್ರೆ 2025ರಲ್ಲಿ ನಮ್ಮ ಮೆಟ್ರೋಲಿ, ಚರ್ಚ್ ಸ್ಟ್ರೀಟಲ್ಲಿ ಹೆಣ್ಮಕ್ಕಳನ್ನ ಕೇಳ್ದೆ ಶೂಟ್ ಮಾಡಿ ಹಾಕ್ತಿದ್ದ ಅಕೌಂಟ್‌ಗಳ ಮೇಲೆ ಬೆಂಗಳೂರು ಪೊಲೀಸರು ಕೇಸ್ ಹಾಕಿದ್ರು. ಅಲ್ಲಿ ನಡ್ಕೊಂಡು ಹೋಗ್ತಿದ್ದೋರನ್ನ ಬಿಟ್ರೆ ವಿಡಿಯೋಗೆ ಬೇರೆ ವಿಷ್ಯಾನೇ ಇರ್ಲಿಲ್ಲ. ನಾನು ನನ್ನ ಶಾಟ್‌ಗಳನ್ನ ಇದೇ ಲೆಕ್ಕದಲ್ಲಿ ನೋಡ್ತೀನಿ, ಗೊತ್ತಿಲ್ದೋರ ಮೇಲೆ ಜೂಮ್, ಸ್ಲೋ ಮೋಷನ್ ಬಂದಿದ್ರೆ ಕಟ್.

ಲೊಕೇಶನ್ ಟ್ಯಾಗನ್ನ ಅಲ್ಲಿಂದ ಹೊರಟ ಮೇಲೇನೇ ಹಾಕೋದು. ಥಂಬ್‌ನೇಲ್ ಬೇರೆ ನೋಡ್ಬೇಕು, ಆ್ಯಪ್ ತಾನೇ ಆರಿಸೋ ಫ್ರೇಮಲ್ಲಿ ಯಾರ ಮುಖ ಬರತ್ತೋ ಹೇಳಕ್ಕಾಗಲ್ಲ. ಡೌನ್‌ಲೋಡು, ರೀಮಿಕ್ಸು ಎರಡೂ ಆಫ್.

ಹಾಕಿದ ಮೇಲೂ ಯಾರಾದ್ರೂ "ನಾನಿದೀನಿ, ತೆಗೀರಿ" ಅಂತ ಮೆಸೇಜ್ ಮಾಡಿದ್ರೆ ಯಾಕೆ ಅಂತ ಕೇಳಲ್ಲ, ಪ್ರೂಫೂ ಕೇಳಲ್ಲ, ಎಷ್ಟನೇ ಸೆಕೆಂಡಲ್ಲಿ ಅಂತ ಮಾತ್ರ ಕೇಳ್ತೀನಿ. ಒಂದ್ಸಲ ಹಾಕಿದ ರೀಲಲ್ಲಿ ವಿಡಿಯೋ ಬದಲಾಯಿಸಕ್ಕಾಗಲ್ಲ, ಡಿಲೀಟ್ ಮಾಡಿ, ಆ ತುಂಡು ತೆಗ್ದು, ಹೊಸದಾಗೇ ಹಾಕ್ಬೇಕು. ಡಿಲೀಟ್ ಮಾಡಿದ್ದು 30 ದಿನ "ರೀಸೆಂಟ್ಲಿ ಡಿಲೀಟೆಡ್" ಫೋಲ್ಡರಲ್ಲಿ ಕೂತಿರತ್ತೆ, ಅಲ್ಲಿಂದಾನೂ ತೆಗ್ದು ಅವರಿಗೆ ಸ್ಕ್ರೀನ್‌ಶಾಟ್ ಕಳಿಸ್ತೀನಿ. ವ್ಯೂಸ್ ಎಲ್ಲಾ ಸೊನ್ನೆಯಿಂದ ಶುರು, ಹೊಟ್ಟೆ ಉರಿಯತ್ತೆ, ಏನ್ ಮಾಡೋದು.